ನನ್ನದೇ ಮೂತ್ರ, ನನ್ನದೇ ವರದಿ

ಮೂತ್ರ ಮಾಡುವಾಗ ಉರಿ, ಅರ್ಧ ಗಂಟೆಗೊಮ್ಮೆ ಓಡಬೇಕೆನಿಸುವ ಅವಸರ. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿರುವ ನನಗೆ ಏನಾಗಿದೆಯೆಂದು ಊಹಿಸುವುದು ಕಷ್ಟವಿರಲಿಲ್ಲ. ಆದರೂ ವೈದ್ಯರು ಬರೆದ ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುನ್ನವೇ ಮಾದರಿ ಹಿಡಿದೆ. ಒಂದೇ ಒಂದು ಮಾತ್ರೆ ಒಳಗೆ ಹೋದರೂ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಮೂತ್ರಕೋಶದಲ್ಲಿರುವುದು ಬೇಕು, ದಾರಿಯಲ್ಲಿ ಅಂಟಿಕೊಳ್ಳುವುದು ಬೇಡ. ಇಡೀ ವಿಧಾನದ ಉದ್ದೇಶ ಇಷ್ಟೇ. ಕೈ ತೊಳೆದು, ಮಾದರಿ ಡಬ್ಬಿಯ ಮುಚ್ಚಳವನ್ನು ಒಳಭಾಗ ಮೇಲೆ ಬರುವಂತೆ ಇಟ್ಟೆ. ಒಂದು ಕೈಯಿಂದ ಯೋನಿದ್ವಾರದ ಮಡಿಕೆಗಳನ್ನು ಬಿಡಿಸಿ ಹಿಡಿದು, ನೀರಿನಲ್ಲಿ ಅದ್ದಿದ ಸ್ವಚ್ಛ ಹತ್ತಿಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿದೆ. ಪ್ರತಿ ಸಲವೂ ಹೊಸ ಹತ್ತಿ. ನಂಜುನಿರೋಧಕ ದ್ರಾವಣ ಬಳಸಲಿಲ್ಲ. ಅದರ ಹನಿ ಡಬ್ಬಿಗೆ ಬಿದ್ದರೆ ನಾವು ಹುಡುಕುವ ಬ್ಯಾಕ್ಟೀರಿಯಾವೇ ಸಾಯಬಹುದು. ಗಂಡಸರಾದರೆ ಮುಂದೊಗಲನ್ನು ಹಿಂದಕ್ಕೆ ಸರಿಸಿ ತುದಿಯನ್ನು ಒರೆಸಿಕೊಂಡರೆ ಸಾಕು.

ಮಡಿಕೆಗಳನ್ನು ಹಿಡಿದ ಕೈಯನ್ನು ಕೊನೆಯವರೆಗೂ ಬಿಡಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ. ಮೊದಲ ಧಾರೆ ಶೌಚಕ್ಕೆ ಹೋಗಲಿ, ಅದು ಮೂತ್ರನಾಳವನ್ನು ತೊಳೆಯುತ್ತದೆ. ಧಾರೆ ನಿಲ್ಲಿಸದೆ ಡಬ್ಬಿಯನ್ನು ಅಡ್ಡ ಹಿಡಿದು, ಸುಮಾರು 20 ಮಿಲಿಲೀಟರ್ ತುಂಬಿದೊಡನೆ ತೆಗೆದೆ. ಉಳಿದದ್ದು ಮತ್ತೆ ಶೌಚಕ್ಕೆ. ಡಬ್ಬಿಯ ಅಂಚು ಮೈಗೆ ತಾಗಬಾರದು, ಒಳಗೆ ಬೆರಳು ಹೋಗಬಾರದು. ಎರಡು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಲಾಗದಿದ್ದರೆ ಡಬ್ಬಿಯನ್ನು ಫ್ರಿಜ್‌ನಲ್ಲಿಡಬೇಕು. ಹೊರಗಿನ ಶಾಖದಲ್ಲಿ ಬ್ಯಾಕ್ಟೀರಿಯಾಗಳು ಹೆಚ್ಚಿಕೊಂಡು, ಬೆರಳೆಣಿಕೆಯಷ್ಟಿದ್ದವು ಸಾವಿರಗಳಾಗುತ್ತವೆ.

ನಂತರ ಬಣ್ಣ ಬದಲಿಸುವ ಚೌಕಗಳಿರುವ ಪಟ್ಟಿಯನ್ನು, ಅಂದರೆ ಡಿಪ್‌ಸ್ಟಿಕ್ ಅನ್ನು ಅದ್ದಿ, ಪಟ್ಟಿಗಳ ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿ ನೋಡಿದೆ. ನಾನು ಬಳಸುವ ಪಟ್ಟಿಯಲ್ಲಿ ನೈಟ್ರೈಟ್ ಚೌಕವನ್ನು ಒಂದು ನಿಮಿಷಕ್ಕೆ, ಬಿಳಿ ರಕ್ತಕಣಗಳ ಚೌಕವನ್ನು ಎರಡು ನಿಮಿಷಕ್ಕೆ ಓದಬೇಕು. ತಡವಾಗಿ ಓದಿದ ಬಣ್ಣಕ್ಕೆ ಅರ್ಥವಿಲ್ಲ. ಬಿಳಿ ರಕ್ತಕಣ ಎರಡು ಪ್ಲಸ್, ರಕ್ತ ಅಲ್ಪ, ನೈಟ್ರೈಟ್ ನೆಗೆಟಿವ್.

‘ನೈಟ್ರೈಟ್ ಇಲ್ಲ, ಅಂದರೆ ಸೋಂಕಿಲ್ಲ’ ಎಂದು ಬಹಳ ಜನ ಇಲ್ಲಿಗೇ ಸಮಾಧಾನಪಟ್ಟುಕೊಳ್ಳುತ್ತಾರೆ. ಹಾಗಲ್ಲ. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸಲು ಮೂತ್ರ ಕೆಲವು ಗಂಟೆ ಒಳಗೇ ನಿಂತಿರಬೇಕು. ನನ್ನ ಮೂತ್ರ ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ. ಬೆಳಗಿನ ಮೊದಲ ಮೂತ್ರವನ್ನು ಕೇಳುವುದು ಇದಕ್ಕಾಗಿಯೇ. ಎಂಟರೊಕಾಕಸ್‌ನಂಥವು ನೈಟ್ರೈಟನ್ನು ಮಾಡುವುದೇ ಇಲ್ಲ. ಪಾಸಿಟಿವ್ ಬಂದರೆ ಬಲವಾದ ಸಾಕ್ಷಿ, ನೆಗೆಟಿವ್ ಬಂದರೆ ದುರ್ಬಲ ಸಾಕ್ಷಿ. ಬಿಳಿ ರಕ್ತಕಣ ಇದಕ್ಕೆ ತಿರುವುಮುರುವು: ಬಿಳಿಸ್ರಾವ ಬೆರೆತರೂ ಅದು ಪಾಸಿಟಿವ್ ತೋರಿಸುತ್ತದೆ.

ಕಲ್ಚರ್‌ಗೆ ಮೈಕ್ರೋಲೀಟರ್ ಒಂದರಷ್ಟು ಮೂತ್ರ ಹಿಡಿಯುವ ಲೂಪ್‌ನಿಂದ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಗೀರಿ, ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ. ಮರುದಿನ ಒಂದೇ ಬಗೆಯ ಸುಮಾರು 30 ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾದ ಗುಂಪುಗಳು. ಒಂದು ಕಾಲೊನಿ ಎಂದರೆ ಮಿಲಿಲೀಟರಿಗೆ ಸಾವಿರ, ಹಾಗಾಗಿ ಒಟ್ಟು 30,000. ಸೋಂಕು ಎನ್ನಲು ಹಳೆಯ ಕಟ್ಟುನಿಟ್ಟಿನ ಗೆರೆ ಒಂದು ಲಕ್ಷ. ಆದರೆ ಉರಿಯಂಥ ಲಕ್ಷಣಗಳಿರುವ ಹೆಂಗಸಿನಲ್ಲಿ, ಸ್ವಚ್ಛ ಮಾದರಿಯಿಂದ ಒಂಟಿಯಾಗಿ ಬೆಳೆದ ಇ. ಕೋಲಿ ಇದಕ್ಕಿಂತ ಕಡಿಮೆಯಿದ್ದರೂ ಲೆಕ್ಕಕ್ಕೆ ಬರುತ್ತದೆ. ಪದೇ ಪದೇ ಮೂತ್ರ ಮಾಡುವವರಲ್ಲಿ ಸಂಖ್ಯೆ ಇಳಿಯುವುದು ಸಹಜವೇ.

ಅದೇ ದಿನ ನನ್ನ ತಟ್ಟೆಯ ಪಕ್ಕದಲ್ಲಿದ್ದ ಇನ್ನೊಬ್ಬರ ತಟ್ಟೆಯಲ್ಲಿ ಲಕ್ಷಕ್ಕೂ ಮೀರಿ ಬೆಳೆದಿತ್ತು. ಆದರೆ ನಾಲ್ಕು ಬಗೆಯವು, ಜೊತೆಗೆ ಸೂಕ್ಷ್ಮದರ್ಶಕದಡಿ ಚರ್ಮದ ಚಪ್ಪಟೆ ಕೋಶಗಳು ಕಿಕ್ಕಿರಿದಿದ್ದವು, ಅಂದರೆ ದಾರಿಯಲ್ಲಿ ಅಂಟಿಕೊಂಡದ್ದೇ ಹೆಚ್ಚು. ಅದಕ್ಕೆ ಬರೆದದ್ದು ‘ಮಿಶ್ರ ಬೆಳವಣಿಗೆ, ಮಾದರಿ ಪುನಃ ಕಳುಹಿಸಿ’. ದೊಡ್ಡ ಸಂಖ್ಯೆ ಕಂಡು ಔಷಧಿ ಶುರು ಮಾಡಿದ್ದರೆ ಯಾವುದಕ್ಕೆ ಮಾಡಿದಂತಾಗುತ್ತಿತ್ತೋ ಗೊತ್ತಿಲ್ಲ.

ನನ್ನ ಬ್ಯಾಕ್ಟೀರಿಯಾಕ್ಕೆ ಔಷಧಿ ಪರೀಕ್ಷೆ ಮಾಡಿದಾಗ ಆಂಪಿಸಿಲಿನ್ ಎದುರು R, ನೈಟ್ರೊಫ್ಯುರಾಂಟೊಯಿನ್ ಎದುರು S ಬಂತು. R ಎಂದರೆ ಔಷಧಿಗೆ ಜಗ್ಗದು, S ಎಂದರೆ ಮಣಿಯುತ್ತದೆ. S ಎಂದಿರುವ ಎಲ್ಲ ಔಷಧಿಯೂ ಎಲ್ಲರಿಗೂ ಸರಿಹೋಗುವುದಿಲ್ಲ. ನೈಟ್ರೊಫ್ಯುರಾಂಟೊಯಿನ್ ಮೂತ್ರದಲ್ಲಿ ಚೆನ್ನಾಗಿ ಶೇಖರವಾಗುತ್ತದೆ, ಮೂತ್ರಪಿಂಡದ ಅಂಗಾಂಶಕ್ಕೆ ಸಾಕಷ್ಟು ಸೇರುವುದಿಲ್ಲ. ಸೋಂಕು ಮೂತ್ರಪಿಂಡಕ್ಕೆ ಏರಿದೆಯೆಂದು ಸೂಚಿಸುವ ಜ್ವರವಾಗಲಿ ಸೊಂಟದ ಮೇಲ್ಭಾಗದ ನೋವಾಗಲಿ ನನಗೆ ಇರಲಿಲ್ಲವಾದ್ದರಿಂದ ವೈದ್ಯರು ಅದನ್ನೇ ಮುಂದುವರಿಸಿದರು.

ಉರಿ ನಿಂತ ಮೇಲೆ ಮತ್ತೆ ಕಲ್ಚರ್ ಮಾಡಿಸಲಿಲ್ಲ. ಲಕ್ಷಣವಿಲ್ಲದ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ; ಗರ್ಭಿಣಿಯರು ಮತ್ತು ಮೂತ್ರಮಾರ್ಗದ ಕೆಲವು ಶಸ್ತ್ರಚಿಕಿತ್ಸೆಗೆ ಹೋಗುವವರು ಮಾತ್ರ ಇದಕ್ಕೆ ಹೊರತು.