ಶುಗರ್ ಫ್ರೀ ಚಾಕೊಲೇಟ್ ಕೊಳ್ಳುವ ಮೊದಲು ಲೇಬಲ್ ಓದುವುದು ಹೇಗೆ?

ಮಲ್ಲೇಶ್ವರ, ಜಯನಗರದ ದೊಡ್ಡ ಮೆಡಿಕಲ್ ಶಾಪ್‌ಗಳಲ್ಲಿ ಈಗ ಮಾತ್ರೆಯ ಜೊತೆಗೆ ಶುಗರ್ ಫ್ರೀ ಚಾಕೊಲೇಟ್, ಬಿಸ್ಕತ್ತು, ಚ್ಯೂಯಿಂಗ್ ಗಮ್ ಕೂಡ ಸಿಗುತ್ತವೆ. ಮನೆಯಲ್ಲಿ ಶುಗರ್ ಇರುವ ಅಪ್ಪನಿಗೋ ಅಮ್ಮನಿಗೋ ಅಂತ ಮಕ್ಕಳು ತಂದುಕೊಡುತ್ತಾರೆ. ಸಕ್ಕರೆ ಇಲ್ವಲ್ಲ ಅಂತ ಅವರೂ ಧೈರ್ಯವಾಗಿ ತಿನ್ನುತ್ತಾರೆ. ಆದರೆ ಇಂಥ ತಿನಿಸುಗಳಲ್ಲಿ ಸಕ್ಕರೆಯ ಜಾಗದಲ್ಲಿ ಹೆಚ್ಚಾಗಿ ಪಾಲಿಯಾಲ್ ಇರುತ್ತದೆ. ಇದನ್ನೇ ಶುಗರ್ ಆಲ್ಕೋಹಾಲ್ ಅನ್ನುವುದು. ಅಮಲು ಬರಿಸುವಂಥದ್ದೇನೂ ಇದರಲ್ಲಿಲ್ಲ. ಆದರೆ ಕ್ಯಾಲೊರಿ ಇದೆ, ಹೊಟ್ಟೆಯ ಮೇಲೆ ಪರಿಣಾಮವೂ ಇದೆ.

ಮೊದಲು ಹೆಸರು ಹುಡುಕಿ

ಪೊಟ್ಟಣ ತಿರುಗಿಸಿ, ಪದಾರ್ಥಗಳ ಪಟ್ಟಿ ನೋಡಿ. ಯಾವುದು ಜಾಸ್ತಿ ಇದೆಯೋ ಅದೇ ಪಟ್ಟಿಯಲ್ಲಿ ಮೊದಲು ಬರುತ್ತದೆ. ಎಷ್ಟೋ ಸಲ ಹೆಸರಿನ ಬದಲು ನಂಬರ್ ಮಾತ್ರ ಇರುತ್ತದೆ. ಐಎನ್‌ಎಸ್ 420 ಅಂದರೆ ಸಾರ್ಬಿಟಾಲ್, 965 ಮಾಲ್ಟಿಟಾಲ್, 967 ಕ್ಸೈಲಿಟಾಲ್, 968 ಎರಿಥ್ರಿಟಾಲ್. ಈ ನಾಲ್ಕನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಸಾಕು. ಪಾಲಿಯಾಲ್‌ನಿಂದ ಭೇದಿ ಆಗಬಹುದು ಎಂಬ ಎಚ್ಚರಿಕೆಯೂ ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿ ಇರುತ್ತದೆ.

ಆಮೇಲೆ ಕ್ಯಾಲೊರಿ ಲೆಕ್ಕ

ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ. ಸಾರ್ಬಿಟಾಲ್‌ನಲ್ಲಿ ಸುಮಾರು 2.6, ಕ್ಸೈಲಿಟಾಲ್‌ನಲ್ಲಿ 2.4. ಎರಿಥ್ರಿಟಾಲ್‌ನಲ್ಲಿ ಮಾತ್ರ ಹೆಚ್ಚುಕಡಿಮೆ ಏನೂ ಇಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ಎರಿಥ್ರಿಟಾಲ್ ಬಿಟ್ಟು ಉಳಿದೆಲ್ಲಕ್ಕೂ 2.4 ಅಂತಲೇ ಹಿಡಿಯೋಣ. ಯುರೋಪಿನ ಲೇಬಲ್ ನಿಯಮವೂ ಹಾಗೇ ಇದೆ.

40 ಗ್ರಾಂನ ಒಂದು ಶುಗರ್ ಫ್ರೀ ಚಾಕೊಲೇಟ್ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ನೂರು ಗ್ರಾಂಗೆ 34 ಗ್ರಾಂ ಕೊಬ್ಬು, 40 ಗ್ರಾಂ ಮಾಲ್ಟಿಟಾಲ್ ಅಂತ ಲೇಬಲ್ ಹೇಳುತ್ತಿದೆ. ಹಾಗಾದರೆ ಈ 40 ಗ್ರಾಂ ಚಾಕೊಲೇಟಿನಲ್ಲಿ ಮಾಲ್ಟಿಟಾಲ್ 16 ಗ್ರಾಂ. 16ನ್ನು 2.4ರಿಂದ ಗುಣಿಸಿದರೆ ಸುಮಾರು 38 ಕ್ಯಾಲೊರಿ. ಅಷ್ಟೇ ಸಕ್ಕರೆ ಹಾಕಿದ್ದರೆ 64 ಆಗುತ್ತಿತ್ತು. ಉಳಿದದ್ದು 26 ಕ್ಯಾಲೊರಿ. ಅದೇ ಚಾಕೊಲೇಟಿನ ಕೊಬ್ಬಿನಿಂದ ಬರುವ ಕ್ಯಾಲೊರಿಯೇ 120ಕ್ಕಿಂತ ಜಾಸ್ತಿ, ಅದು ಹಾಗೇ ಇದೆ. ತೂಕ ಇಳಿಸಲು ಅಂತ ದುಪ್ಪಟ್ಟು ದುಡ್ಡು ಕೊಟ್ಟು ಇದನ್ನು ತರುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಶುಗರ್ ಇರುವವರಿಗೆ ಸ್ವಲ್ಪ ಅನುಕೂಲವಿದೆ, ಯಾಕೆಂದರೆ ರಕ್ತದ ಸಕ್ಕರೆ ಇದರಿಂದ ನಿಧಾನವಾಗಿ, ಕಡಿಮೆ ಏರುತ್ತದೆ. ಆದರೆ ಏರುವುದೇ ಇಲ್ಲ ಅಂತಲ್ಲ. ಮಾಲ್ಟಿಟಾಲ್ ಅದನ್ನು ಸಾರ್ಬಿಟಾಲ್‌ಗಿಂತ ಹೆಚ್ಚು ಏರಿಸುತ್ತದೆ.

ಹೊಟ್ಟೆ ಎಷ್ಟು ತಡೆದುಕೊಳ್ಳುತ್ತದೆ?

ಇದು ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ನಮ್ಮ ಸಣ್ಣ ಕರುಳು ಪಾಲಿಯಾಲನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದಲ್ವಾ, ಹಾಗೆ ಉಳಿದ ಪಾಲಿಯಾಲ್ ಕರುಳಿನೊಳಕ್ಕೆ ನೀರು ಎಳೆಯುತ್ತದೆ. ಅದು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹುಳಿಯಿಸಿ ಗ್ಯಾಸ್ ಮಾಡುತ್ತವೆ. ಹೊಟ್ಟೆ ಗುಡುಗುಡು ಅನ್ನುವುದು, ಉಬ್ಬರ, ಕೊನೆಗೆ ನೀರಾದ ಭೇದಿ, ಎಲ್ಲವೂ ಇದರಿಂದಲೇ. ಎರಿಥ್ರಿಟಾಲ್ ಹೆಚ್ಚಿನಂಶ ಸಣ್ಣ ಕರುಳಿನಲ್ಲೇ ಹೀರಿಕೊಂಡು ಮೂತ್ರದಲ್ಲಿ ಹೋಗಿಬಿಡುವುದರಿಂದ ಈ ಕಾಟ ಕಡಿಮೆ.

ಸಾರ್ಬಿಟಾಲ್ 10 ಗ್ರಾಂ ಆಗುವಷ್ಟರಲ್ಲೇ ಕೆಲವರಿಗೆ ಗ್ಯಾಸ್ ಶುರುವಾಗುತ್ತದೆ. 20 ಗ್ರಾಂ ದಾಟಿದರೆ ಹಲವರಿಗೆ ಹೊಟ್ಟೆ ನುಲಿತ, ಭೇದಿ. ಮಾಲ್ಟಿಟಾಲನ್ನು ಹೊಟ್ಟೆ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಮೇಲೆ ಹೇಳಿದ ಚಾಕೊಲೇಟ್ ಎರಡು ತಿಂದರೆ ಅದೂ 32 ಗ್ರಾಂ ಆಗಿಬಿಡುತ್ತದೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ. ಖಾಲಿ ಹೊಟ್ಟೆಯಲ್ಲಿ, ಅದರಲ್ಲೂ ಪಾನೀಯದ ರೂಪದಲ್ಲಿ ತಗೊಂಡರೆ ಬೇಗ ತೊಂದರೆ ಕೊಡುತ್ತದೆ. ಊಟದ ಜೊತೆ ತಗೊಂಡರೆ ಹೊಟ್ಟೆ ಹೆಚ್ಚು ತಡೆದುಕೊಳ್ಳುತ್ತದೆ.

ಗಮ್ ಅಷ್ಟೇ ತಾನೇ ಅಂತ ಬಿಡುವ ಹಾಗಿಲ್ಲ. 2008ರಲ್ಲಿ ಬರ್ಲಿನ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದರು. 21 ವರ್ಷದ ಒಬ್ಬಾಕೆಗೆ ತಿಂಗಳುಗಟ್ಟಲೆ ಭೇದಿ, ತೂಕ 11 ಕಿಲೋ ಇಳಿದಿತ್ತು. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಏನೇನು ತಿನ್ನುತ್ತೀರಿ ಅಂತ ಬಿಡಿಸಿ ಕೇಳಿದಾಗ ತಿಳಿದದ್ದು, ಆಕೆ ಶುಗರ್ ಫ್ರೀ ಗಮ್ ಅಗಿದು ಅಗಿದು ದಿನಕ್ಕೆ 20 ಗ್ರಾಂನಷ್ಟು ಸಾರ್ಬಿಟಾಲ್ ಒಳಗೆ ಹಾಕಿಕೊಳ್ಳುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಭೇದಿ ನಿಂತು ತೂಕ ಮತ್ತೆ ಏರಿತು.

ನಿಮ್ಮ ತೊಂದರೆಯೂ ಇದರಿಂದಲೇ ಬಂದದ್ದಾ ಅಂತ ಮನೆಯಲ್ಲೇ ನೋಡಬಹುದು. ಎರಡು ಮೂರು ದಿನ ಎಲ್ಲ ಶುಗರ್ ಫ್ರೀ ತಿನಿಸನ್ನೂ ನಿಲ್ಲಿಸಿ. ಸಕ್ಕರೆ ಇಲ್ಲದ ಕೆಮ್ಮಿನ ಸಿರಪ್‌ನಲ್ಲೂ ಸಾರ್ಬಿಟಾಲ್ ಇರುವುದುಂಟು, ಬಾಟಲಿ ನೋಡಿ. ಭೇದಿ ನಿಂತರೆ ಕಾರಣ ಬಹುಶಃ ಸಿಕ್ಕಿತು. ಆಮೇಲೆ ಮೊದಲಿನ ಅರ್ಧದಷ್ಟು ತಿಂದು ನೋಡಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಹೊಟ್ಟೆ ಕೆಡುವುದುಂಟು. ಶುಗರ್ ಇರುವವರು ಇಲ್ಲಿ ಮಾತ್ರೆಯನ್ನೇ ದೂರಿ, ತಾವಾಗಿಯೇ ಬಿಟ್ಟುಬಿಡುವ ಅಪಾಯವಿದೆ. ದಯವಿಟ್ಟು ಹಾಗೆ ಮಾಡಬೇಡಿ, ಮೊದಲು ತಿನಿಸು ನಿಲ್ಲಿಸಿ ನೋಡಿ. ಜ್ವರ ಇದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ತಿನಿಸು ನಿಲ್ಲಿಸಿದ ಮೇಲೂ ಮುಂದುವರಿದರೆ ಡಾಕ್ಟರ್ ಹತ್ತಿರ ಹೋಗಿ.

ಹಲ್ಲಿಗೆ ಯಾವುದು, ಹೇಗೆ?

ಹಲ್ಲು ಹುಳುಕಾಗುವುದು ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುವುದರಿಂದ. ಅದರಲ್ಲಿ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಎಂಬುದರ ಪಾತ್ರ ದೊಡ್ಡದು. ಕ್ಸೈಲಿಟಾಲ್ ಕೊಟ್ಟರೆ ಅದು ಒಳಗೆ ಎಳೆದುಕೊಳ್ಳುತ್ತದೆ, ಆದರೆ ಜೀರ್ಣಿಸಲಾಗದೆ ಮತ್ತೆ ಹೊರಗೆ ಹಾಕುತ್ತದೆ. ಶಕ್ತಿ ಸುಮ್ನೆ ಖರ್ಚು, ಆಮ್ಲ ಇಲ್ಲ. ಸಾರ್ಬಿಟಾಲನ್ನು ಅದು ನಿಧಾನವಾಗಿ ಬಳಸಿಕೊಳ್ಳಬಲ್ಲದು. ಆದರೂ ಹುಟ್ಟುವ ಆಮ್ಲ ಬಹಳ ಕಡಿಮೆ, ಸಕ್ಕರೆಯ ಮುಂದೆ ಅದು ಎಷ್ಟೋ ವಾಸಿ.

ಹಲ್ಲಿಗಾಗಿ ಗಮ್ ಬೇಕಿದ್ದರೆ ಕ್ಸೈಲಿಟಾಲ್ ಪಟ್ಟಿಯಲ್ಲಿ ಮೊದಲು ಬರುವಂಥದ್ದು ಆರಿಸಿ. ಎಷ್ಟೋ ಗಮ್‌ಗಳಲ್ಲಿ ಮುಖ್ಯ ಸಿಹಿ ಸಾರ್ಬಿಟಾಲ್, ಕ್ಸೈಲಿಟಾಲ್ ಹೆಸರಿಗೆ ಮಾತ್ರ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದು ದಿನಕ್ಕೆ 5ರಿಂದ 10 ಗ್ರಾಂ ಕ್ಸೈಲಿಟಾಲ್, ಅದೂ ಮೂರು ನಾಲ್ಕು ಸಲ ಹಂಚಿ. ಊಟವಾದ ತಕ್ಷಣ ಹತ್ತು, ಇಪ್ಪತ್ತು ನಿಮಿಷ ಅಗಿಯಿರಿ. ಚೆನ್ನಾಗಿ ಜೊಲ್ಲು ಊರಿ ಆಮ್ಲವನ್ನು ತೊಳೆಯುತ್ತದೆ, ಲಾಭದ ದೊಡ್ಡ ಪಾಲು ಇದರದ್ದೇ. ಕ್ಸೈಲಿಟಾಲ್ ಗಮ್ ಹುಳುಕನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಪುರಾವೆ ಅಷ್ಟೇನೂ ಗಟ್ಟಿಯಾಗಿಲ್ಲ. ಹಾಗಾಗಿ ಫ್ಲೋರೈಡ್ ಪೇಸ್ಟಿನಲ್ಲಿ ಎರಡು ಹೊತ್ತು ಹಲ್ಲುಜ್ಜುವುದನ್ನು ಬಿಡುವಂತಿಲ್ಲ. ನಿಂಬೆ, ಕಿತ್ತಳೆ ರುಚಿಯ ಶುಗರ್ ಫ್ರೀ ಪೆಪ್ಪರಮೆಂಟ್ ಚೀಪುವಾಗಲೂ ಹುಷಾರು. ಅದರಲ್ಲಿರುವ ಸಿಟ್ರಿಕ್ ಆಮ್ಲ ಹಲ್ಲಿನ ಹೊರಪದರವನ್ನು ನೇರವಾಗಿ ಸವೆಸುತ್ತದೆ.

ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ಇರುವ ಪೊಟ್ಟಣ ಅದರ ಬಾಯಿಗೆ ಸಿಗದ ಹಾಗೆ ಮೇಲಿಡಿ. ನಮ್ಮಲ್ಲಿ ಇನ್ಸುಲಿನನ್ನು ಅಷ್ಟಾಗಿ ಏರಿಸದ ಅದು ನಾಯಿಯಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕಿಸಿ ರಕ್ತದ ಸಕ್ಕರೆಯನ್ನು ಕೆಳಗಿಳಿಸುತ್ತದೆ. 10 ಕಿಲೋ ನಾಯಿಗೆ ಒಂದು ಗ್ರಾಂ ಕೂಡ ಅಪಾಯ. ತಿಂದಿದೆ ಅಂತ ಅನುಮಾನ ಬಂದರೆ ವಾಂತಿ, ತೂರಾಟ ಶುರುವಾಗಲಿ ಅಂತ ಕಾಯದೆ, ಪೊಟ್ಟಣ ಕೈಯಲ್ಲಿ ಹಿಡಿದು ಪಶುವೈದ್ಯರ ಬಳಿ ಕರೆದೊಯ್ಯಿರಿ.