14 ಶೇಪ್‌ಗಳಲ್ಲಿ ಒಂದು ಮುಖ

ನನ್ನ ಮೊದಲ 3D ಕ್ಯಾರೆಕ್ಟರ್‌ಗೆ ಮಾಡಿದ ಬ್ಲೆಂಡ್ ಶೇಪ್‌ಗಳ ಹೆಸರು ನಗು, ಸಿಟ್ಟು, ಅಳು, ಭಯ, ಬೆರಗು. ಒಂದೊಂದಕ್ಕೂ ಇಡೀ ಮುಖವನ್ನೇ ಸ್ಕಲ್ಪ್ಟ್ ಮಾಡಿದ್ದೆ. ಬಿಡಿಯಾಗಿ ನೋಡಿದರೆ ಎಲ್ಲವೂ ಚೆನ್ನಾಗಿದ್ದವು. ನಗುತ್ತಲೇ ಕಣ್ಣು ಮಿಟುಕಿಸಬೇಕಾದ ಶಾಟ್ ಬಂತು ನೋಡಿ, ಮೇಲ್ರೆಪ್ಪೆ ಕಣ್ಣನ್ನೂ ದಾಟಿ ಕೆನ್ನೆಯೊಳಗೆ ಇಳಿದುಬಿಟ್ಟಿತು.

ಕೂಡುವ ಲೆಕ್ಕವೇ ಇದಕ್ಕೆ ಕಾರಣ. ಸುಮ್ಮನಿರುವ ಮುಖದಿಂದ ಮಾಡೆಲ್‌ನ ಪ್ರತಿ ಬಿಂದು, ಅಂದರೆ ವರ್ಟೆಕ್ಸ್, ಎಷ್ಟು ಸರಿದಿದೆ ಎಂಬುದಷ್ಟೇ ಬ್ಲೆಂಡ್ ಶೇಪ್‌ನಲ್ಲಿ ಇರುತ್ತದೆ. ಎರಡು ಸ್ಲೈಡರ್ ಎಳೆದರೆ ಆ ಎರಡೂ ಸರಿತಗಳು ಕೂಡಿಕೊಳ್ಳುತ್ತವೆ. ನನ್ನ ‘ನಗು’ವಿನಲ್ಲಿ ರೆಪ್ಪೆ ಆಗಲೇ ಅರ್ಧ ಇಳಿದಿತ್ತು, ಮಿಟುಕಿನಲ್ಲಿ ಪೂರ್ತಿ ಇಳಿಯುತ್ತಿತ್ತು, ಒಟ್ಟು ಒಂದೂವರೆ ಪಟ್ಟಾಯಿತು.

ಎಲ್ಲವನ್ನೂ ಅಳಿಸಿ, ಭಾವದ ಬದಲು ಸ್ನಾಯುವಿನ ಲೆಕ್ಕದಲ್ಲಿ ಮತ್ತೆ ಶುರು ಮಾಡಿದೆ. ಎಕ್ಮನ್ ಮತ್ತು ಫ್ರೀಸೆನ್ 1978ರಲ್ಲಿ ಪ್ರಕಟಿಸಿದ FACS ಮುಖದ ಚಲನೆಗಳನ್ನು ಹೀಗೇ ಬಿಡಿಸಿಡುತ್ತದೆ. ಅದರಲ್ಲಿರುವುದೆಲ್ಲ ನನಗೆ ಬೇಕಿರಲಿಲ್ಲ. ರೆಪ್ಪೆ ಮುಚ್ಚುವುದು, ಕೆನ್ನೆ ಏರುವುದು, ಕಟವಾಯಿ ಮೇಲಕ್ಕೆ, ಕಟವಾಯಿ ಕೆಳಕ್ಕೆ, ಹುಬ್ಬಿನ ಹೊರತುದಿ ಏರುವುದು, ಹುಬ್ಬು ಇಳಿಯುವುದು, ಈ ಆರಕ್ಕೂ ಎಡ-ಬಲ ಬೇರೆ ಬೇರೆ. ಹುಬ್ಬಿನ ಒಳತುದಿ ಏರುವುದು ಮತ್ತು ತುಟಿ ಮುಂದೆ ಚಾಚುವುದು ಒಂದೊಂದೇ. ಒಟ್ಟು 14. ಒಳಹುಬ್ಬು ಏರಿಸಿ ಕಟವಾಯಿ ಇಳಿಸಿದರೆ ದುಃಖ ಬರುತ್ತದೆ. ಕಟವಾಯಿಯ ಜೊತೆ ಕೆನ್ನೆಯನ್ನೂ ಏರಿಸದಿದ್ದರೆ ನಗು ಫೋಟೋಗೆ ನಿಂತವರ ನಗುವಿನಂತೆ ಕಾಣುತ್ತದೆ.

ದವಡೆಗೆ ಶೇಪ್ ಮಾಡಲಿಲ್ಲ, ಬೋನ್ ಇಟ್ಟೆ. ಶೇಪ್‌ನಲ್ಲಿ ವರ್ಟೆಕ್ಸ್‌ಗಳು ನೇರ ಗೆರೆಯಲ್ಲೇ ಚಲಿಸುತ್ತವೆ, ದವಡೆಯಾದರೋ ಕೀಲಿನ ಸುತ್ತ ತಿರುಗುತ್ತದೆ.

ಇದೇ ನೇರ ಗೆರೆ ರೆಪ್ಪೆಯಲ್ಲಿ ಕೈಕೊಟ್ಟಿತು. ಪೂರ್ತಿ ತೆರೆದಾಗಲೂ ಪೂರ್ತಿ ಮುಚ್ಚಿದಾಗಲೂ ರೆಪ್ಪೆ ಸರಿಯಾಗಿತ್ತು. ಸ್ಲೈಡರ್ 0.5ಕ್ಕೆ ತಂದರೆ ಕಣ್ಣುಗುಡ್ಡೆ ರೆಪ್ಪೆಯನ್ನು ಸೀಳಿಕೊಂಡು ಹೊರಗೆ ಇಣುಕುತ್ತಿತ್ತು. ಗುಡ್ಡೆಯ ಉಬ್ಬನ್ನು ಬಳಸಿ ಹೋಗಬೇಕಾದ ರೆಪ್ಪೆಯಂಚು ನೇರವಾಗಿ ಕೊರೆದುಕೊಂಡು ಹೋಗುತ್ತಿತ್ತು. ವೇಗವಾಗಿ ಮಿಟುಕಿಸಿದರೆ ಗೊತ್ತೇ ಆಗುವುದಿಲ್ಲ, ನಿದ್ದೆಗಣ್ಣಿನ ಶಾಟ್‌ನಲ್ಲಿ ಬಯಲಾಗುತ್ತದೆ. ಅದಕ್ಕೆ ‘ಅರ್ಧ ಮಿಟುಕು’ ಎಂಬ ಸರಿಪಡಿಸುವ ಶೇಪ್ ಸೇರಿಸಿದೆ. ನಾನು ಬ್ಲೆಂಡರ್‌ನಲ್ಲಿ ಕೆಲಸ ಮಾಡುವುದರಿಂದ ಅದರ ಬೆಲೆಯನ್ನು ತಾನಾಗಿಯೇ ಲೆಕ್ಕ ಹಾಕಲು ಈ ಡ್ರೈವರ್ ಸೂತ್ರ ಕೊಟ್ಟೆ. ಇದರಲ್ಲಿ `b` ಎಂದರೆ ಮಿಟುಕಿನ ಬೆಲೆ:

```
1 - abs(2*b - 1)
```

ಮಿಟುಕು 0 ಅಥವಾ 1 ಇದ್ದಾಗ ಇದು 0, ಸರಿಯಾಗಿ ಮಧ್ಯದಲ್ಲಿ 1. ಮಿಟುಕನ್ನು 0.5ಕ್ಕೆ ನಿಲ್ಲಿಸಿ, ಹೊಸ ಶೇಪ್ ಆಯ್ದುಕೊಂಡು, ರೆಪ್ಪೆಯನ್ನು ಗುಡ್ಡೆಯಿಂದ ಕೂದಲೆಳೆಯಷ್ಟು ಮುಂದೆ ಸ್ಕಲ್ಪ್ಟ್ ಮಾಡಿದೆ. ಮುಂದೆ ತಂದ ಅಷ್ಟು ಮಾತ್ರ ಆ ಶೇಪ್‌ನಲ್ಲಿ ಉಳಿಯುತ್ತದೆ.

ಎರಡನೇ ತೊಂದರೆ ಬಾಯಲ್ಲಿ. ಕಟವಾಯಿ ಏರಿಸಿ ದವಡೆ ಇಳಿಸಿದರೆ ಜೋರು ನಗು ಬರಬೇಕು. ಬಂದದ್ದು ಚೌಕಾಕಾರದ ಬಾಯಿ. ಕಟವಾಯಿಯ ಚರ್ಮ ಎರಡೂ ಕಡೆಯಿಂದ ಜಗ್ಗಿಸಿಕೊಂಡು ತೆಳುವಾಗಿತ್ತು, ಕೆಳತುಟಿ ಹಲ್ಲಿನೊಳಗೆ ಹೊಕ್ಕಿತ್ತು. ಇಲ್ಲಿ ಎರಡೂ ಚಲನೆಗಳು ಬೇಕೇಬೇಕು, ಹಾಗಾಗಿ ಅವು ಕೂಡುವ ಜಾಗಕ್ಕೆ ಇನ್ನೊಂದು ಶೇಪ್ ಇಟ್ಟು ಡ್ರೈವರ್‌ನಲ್ಲಿ `smile * jaw` ಎಂದು ಬರೆದೆ. `smile` ಎಂದರೆ ಕಟವಾಯಿ ಏರಿಸುವ ಶೇಪ್‌ನ ಬೆಲೆ, `jaw` ಎಂಬುದು ದವಡೆಯ ಬೋನನ್ನು ತಿರುಗಿಸುವ 0ಯಿಂದ 1ರವರೆಗಿನ ಕಂಟ್ರೋಲ್. ಎರಡರಲ್ಲಿ ಒಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆ, ಆದ್ದರಿಂದ ಬರೀ ನಗುವಾಗಲಿ ಬರೀ ಬಾಯಿ ತೆರೆಯುವುದಾಗಲಿ ಕೆಡುವುದಿಲ್ಲ. ಈ ಎರಡು ತಿದ್ದುಪಡಿಗೂ ಎಡ-ಬಲ ಇರುವುದರಿಂದ ಲೆಕ್ಕ 18ಕ್ಕೆ ಏರಿತು.

ಎಡ-ಬಲ ಬೇರ್ಪಡಿಸುವುದು ಬೇಸರದ ಕೆಲಸ. ಎರಡೂ ಬದಿಯನ್ನು ಒಟ್ಟಿಗೆ ಸ್ಕಲ್ಪ್ಟ್ ಮಾಡಿ, ಆಮೇಲೆ ವರ್ಟೆಕ್ಸ್ ಗ್ರೂಪ್‌ನಿಂದ, ಅಂದರೆ ಪ್ರತಿ ವರ್ಟೆಕ್ಸ್‌ಗೂ ಶೇಪ್‌ನ ಎಷ್ಟು ಪಾಲು ಎಂಬ ತೂಕ ಕೊಟ್ಟು, ಒಡೆಯುತ್ತೇನೆ. ಮೂಗಿನ ಕೆಳಗಿನ ನಡುಗೆರೆಯಲ್ಲಿ ತೂಕ 0.5 ಇರಬೇಕು, ಯಾವ ವರ್ಟೆಕ್ಸ್ ತೆಗೆದುಕೊಂಡರೂ ಎಡ-ಬಲದ ತೂಕ ಕೂಡಿ 1 ಆಗಬೇಕು. ಎರಡೂ ಸ್ಲೈಡರ್ 1ಕ್ಕೆ ಎಳೆದಾಗ ಮೂಲ ಸ್ಕಲ್ಪ್ಟ್ ಹಾಗೆಯೇ ಬರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ತೂಕ ಇಳಿಯುವ ಪಟ್ಟಿ ತೀರಾ ಕಿರಿದಾದರೆ ಮೇಲ್ತುಟಿಯ ನಡುವೆ ಮಡಿಕೆ ಬೀಳುತ್ತದೆ. ನಾನು ಅದನ್ನು ಹೆಚ್ಚು ಕಡಿಮೆ ಮೂಗಿನ ಅಗಲಕ್ಕೆ ಇಡುತ್ತೇನೆ.

ಕೆನ್ನೆ ಮತ್ತು ಮಿಟುಕಿನ ಜಗಳ ಮಾತ್ರ ಇನ್ನೂ ಇದೆ. ಕೆನ್ನೆ ಏರಿದಾಗ ಕೆಳರೆಪ್ಪೆಯೂ ಏರುತ್ತದೆ, ಮೇಲ್ರೆಪ್ಪೆ ಬಂದು ಅದರೊಳಗೆ ಹುದುಗುತ್ತದೆ. ಇನ್ನೊಂದು ಜೋಡಿ ಶೇಪ್ ಮಾಡುವ ಮನಸ್ಸಾಗಲಿಲ್ಲ. ನಗುವಿನ ಶಾಟ್‌ಗಳಲ್ಲಿ ಮಿಟುಕನ್ನು 0.85ಕ್ಕೇ ನಿಲ್ಲಿಸಿಬಿಡುತ್ತೇನೆ, ಅಷ್ಟಕ್ಕೇ ಕಣ್ಣು ಮುಚ್ಚಿಕೊಳ್ಳುತ್ತದೆ.