ಹೊಸಬರಿಗೆ ಮಾರ್ಗದರ್ಶಿ: ಎಣ್ಣೆ ಬಾಟಲಿಯೋ ದೊಡ್ಡ ಕ್ಯಾನೋ, ಕಿಲೋ ಲೆಕ್ಕದಲ್ಲಿ ಯಾವುದು ಅಗ್ಗ?

ಹೊಸ ಊರಿಗೆ ಬಂದ ಮೊದಲ ತಿಂಗಳು ಸಾಮಾನು ತರುವಾಗ ನಮ್ಮವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ದೊಡ್ಡ ಡಬ್ಬ ಹೇಗಿದ್ದರೂ ಅಗ್ಗವೇ ಎಂದು ಕಣ್ಣು ಮುಚ್ಚಿ ಹೊತ್ತು ತರುವವರು ಒಂದು ಕಡೆ, ಚೀಟಿಯ ಮೇಲಿನ ಸಣ್ಣ ಅಂಕಿ ನೋಡಿ ಸಣ್ಣ ಬಾಟಲಿ ಎತ್ತಿಕೊಳ್ಳುವವರು ಇನ್ನೊಂದು ಕಡೆ. ಮಗ್ಗಿ ಬಾಯಿಪಾಠ ಮಾಡಿ ಬೆಳೆದವರು ನಾವು. ಎಣ್ಣೆ ಸಾಲಿನ ಮುಂದೆ ಒಂದು ನಿಮಿಷ ನಿಂತು ಒಂದು ಭಾಗಾಕಾರ ಮಾಡುವುದು ಕಷ್ಟವಲ್ಲ, ದಯವಿಟ್ಟು ಮಾಡಿ. ಹೋಲಿಸುವುದು ಒಂದೇ ಬಗೆಯ ಎಣ್ಣೆಯನ್ನು ಮಾತ್ರ. ಒಂದೇ ಬೀಜದ ಎಣ್ಣೆಗೂ ಬೆರಕೆ ಎಣ್ಣೆಗೂ ದರ ಹೋಲಿಸಿ ಪ್ರಯೋಜನವಿಲ್ಲ.

ಲೀಟರ್ ಎಂದರೆ ಕಿಲೋ ಅಲ್ಲ

ಎಲ್ಲರೂ ಎಡವುವುದು ಇಲ್ಲೇ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇವೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಆ ರೂಢಿಯಲ್ಲಿ ಎಣ್ಣೆಯೂ ಹಾಗೇ ಎಂದುಕೊಳ್ಳುತ್ತೇವೆ. ಆದರೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ. ತಿರುಗಿಸಿ ಹೇಳಿದರೆ, ಒಂದು ಕಿಲೋ ಎಣ್ಣೆ ಸುಮಾರು 1.1 ಲೀಟರ್ ಆಗುತ್ತದೆ. ಒಂದು ಪ್ಯಾಕಿನ ಮೇಲೆ ಲೀಟರ್, ಇನ್ನೊಂದರ ಮೇಲೆ ಕಿಲೋ ಬರೆದಿದ್ದಾಗ ಈ ವ್ಯತ್ಯಾಸವೇ ತೀರ್ಪನ್ನು ತಲೆಕೆಳಗೆ ಮಾಡಬಲ್ಲದು.

ಒಂದು ಲೆಕ್ಕ ನೋಡೋಣ. ಹಣ ಯಾವ ದೇಶದ್ದಾದರೂ ರೀತಿ ಒಂದೇ ಆದ್ದರಿಂದ ಬರೀ ಅಂಕಿ ಕೊಟ್ಟಿದ್ದೇವೆ. ಸಣ್ಣ ಬಾಟಲಿ 1 ಲೀಟರ್, ಬೆಲೆ 180. ದೊಡ್ಡ ಕ್ಯಾನು 5 ಕಿಲೋ, ಬೆಲೆ 920. ಅವಸರದಲ್ಲಿ ನೋಡಿದರೆ ಕ್ಯಾನಿಗೆ 920 ÷ 5 = 184, ಬಾಟಲಿಗೆ 180. ಹಾಗಾದರೆ ಬಾಟಲಿಯೇ ಅಗ್ಗ ಅನ್ನಿಸುತ್ತದೆ. ಆದರೆ 184 ಕಿಲೋಗೆ, 180 ಲೀಟರಿಗೆ. ಬಾಟಲಿಯಲ್ಲಿರುವುದು 0.91 ಕಿಲೋ, ಆದ್ದರಿಂದ ಅದರ ಕಿಲೋ ದರ 180 ÷ 0.91, ಅಂದರೆ ಸುಮಾರು 198. ಈಗ ಕ್ಯಾನು ಕಿಲೋಗೆ 14ರಷ್ಟು ಅಗ್ಗ, ಪೂರ್ತಿ ಕ್ಯಾನಿನ ಮೇಲೆ ಉಳಿತಾಯ ಸುಮಾರು 69.

ಕ್ಯಾಲ್ಕುಲೇಟರ್ ತೆಗೆಯಲು ಬೇಸರವಾದರೆ ಇಷ್ಟು ನೆನಪಿಡಿ: ಲೀಟರ್ ದರಕ್ಕೆ ಅದರ ಹತ್ತನೇ ಒಂದು ಭಾಗ ಕೂಡಿಸಿದರೆ ಕಿಲೋ ದರ. 180ಕ್ಕೆ 18 ಕೂಡಿಸಿ, 198 ಬಂತು. ಕಪಾಟಿನ ಚೀಟಿಯಲ್ಲಿ 100 ಮಿಲಿಲೀಟರಿಗೆ 18 ಎಂದಿದ್ದರೆ ಮೊದಲು ಹತ್ತರಿಂದ ಗುಣಿಸಿ ಲೀಟರ್ ದರ ಮಾಡಿಕೊಳ್ಳಿ, ಆಮೇಲೆ ಹತ್ತನೇ ಭಾಗ ಕೂಡಿಸಿ. ಎರಡೂ ಪ್ಯಾಕಿನ ಮೇಲೆ ಲೀಟರ್ ಅಳತೆಯೇ ಇದ್ದರೆ ಕಿಲೋಗೆ ಬದಲಾಯಿಸುವ ಅಗತ್ಯವೇ ಇಲ್ಲ, ಲೀಟರ್ ದರಗಳನ್ನೇ ಹೋಲಿಸಬಹುದು. ಲೇಬಲ್ ಮೇಲೆ ಲೀಟರ್, ತೂಕ ಎರಡೂ ಅಚ್ಚಾಗಿದ್ದರೆ ನಮ್ಮ 0.91 ಬಿಟ್ಟು ಅಲ್ಲಿರುವ ತೂಕವನ್ನೇ ಹಿಡಿಯಿರಿ.

ಲೇಬಲಿನಲ್ಲಿ ಏನು ಓದಬೇಕು

- ನಿವ್ವಳ ತೂಕ ಅಥವಾ ನಿವ್ವಳ ಪ್ರಮಾಣ ಮಾತ್ರ. ಡಬ್ಬ ಸೇರಿದ ಒಟ್ಟು ತೂಕ ಬೇಡ.
- ಔನ್ಸ್ ಎಂದಿದ್ದರೆ ಅದು ತೂಕದ್ದೋ ದ್ರವದ ಅಳತೆಯದೋ ನೋಡಿ. ತೂಕದ ಔನ್ಸ್ ಸುಮಾರು 28 ಗ್ರಾಂ. ಅಮೆರಿಕದ ದ್ರವ ಔನ್ಸ್ ಸುಮಾರು 30 ಮಿಲಿಲೀಟರ್, ಅಷ್ಟು ಎಣ್ಣೆ 27 ಗ್ರಾಂ ತೂಗುತ್ತದೆ.
- ಬಾಟಲಿಯ ಗಾತ್ರ ನೋಡಿ ಒಂದು ಲೀಟರ್ ಎಂದುಕೊಳ್ಳಬೇಡಿ, ಅಂಕಿ ಓದಿ.

ಕೊನೆಯದಕ್ಕೆ ಒಂದು ಉದಾಹರಣೆ. ಪಕ್ಕದಲ್ಲೇ ಅದೇ ಎತ್ತರದ ಇನ್ನೊಂದು ಬಾಟಲಿ 166ಕ್ಕೆ ಇದೆ, ಆದರೆ ಒಳಗಿರುವುದು 900 ಮಿಲಿಲೀಟರ್. ಅದರ ತೂಕ 0.9 × 0.91 = 0.819 ಕಿಲೋ. 166 ÷ 0.819 ಮಾಡಿದರೆ ಕಿಲೋಗೆ ಸುಮಾರು 203. ಚೀಟಿಯಲ್ಲಿ 14 ಕಡಿಮೆ ಕಾಣುವ ಬಾಟಲಿಯೇ ಮೂರರಲ್ಲಿ ಅತಿ ದುಬಾರಿ.

ಈ ಲೆಕ್ಕ ಎಷ್ಟು ನಿಖರ?

ಎಣ್ಣೆಯಿಂದ ಎಣ್ಣೆಗೆ ಲೀಟರಿನ ತೂಕ ಸ್ವಲ್ಪ ಬದಲಾಗುತ್ತದೆ, ಸಾಮಾನ್ಯವಾಗಿ 910ರಿಂದ 920 ಗ್ರಾಂ ಆಸುಪಾಸು. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾತ್ರ ಶೇ. 0.7ರಷ್ಟು ಹೆಚ್ಚುತ್ತದೆ, ತೂಕ ಮಾತ್ರ ಹಾಗೇ ಇರುತ್ತದೆ. ಹೋಲಿಕೆಗೆ ಕಿಲೋ ದರ ನಂಬಿಕಸ್ಥ ಎನ್ನುವುದು ಇದಕ್ಕೇ. ಆದ್ದರಿಂದ ಲೀಟರಿನಿಂದ ಕಿಲೋಗೆ ಬದಲಾಯಿಸಿದ ಮೇಲೆ ಎರಡು ದರಗಳ ಅಂತರ ಶೇ. 2ರ ಒಳಗಿದ್ದರೆ ಅವು ಸಮ ಎಂದೇ ತಿಳಿಯಿರಿ. ಮೊದಲ ಲೆಕ್ಕದ 1 ಲೀಟರ್ ಬಾಟಲಿ ಎರಡು ಕೊಂಡರೆ 340 ಎಂಬ ರಿಯಾಯಿತಿ ಬಂತು ಎನ್ನೋಣ. 340 ÷ 1.82 ಎಂದರೆ ಕಿಲೋಗೆ ಸುಮಾರು 187. ಕ್ಯಾನಿನ 184ರ ಎದುರು ಇದು ಅಂತರವೇ ಅಲ್ಲ, ಆ ವಾರ ಎರಡು ಬಾಟಲಿಯೇ ಸರಿ.

ಅಗ್ಗದ ಕ್ಯಾನು ಯಾವಾಗ ದುಬಾರಿಯಾಗುತ್ತದೆ

ಎಣ್ಣೆ ಚೆಲ್ಲಿದರೆ ಆ ಹಣ ಉಳಿದ ಎಣ್ಣೆಯ ಮೇಲೆ ಬೀಳುತ್ತದೆ. ಕ್ಯಾನಿನ 920ನ್ನು ಬಾಟಲಿಯ ಕಿಲೋ ದರ 198ರಿಂದ ಭಾಗಿಸಿದರೆ 4.65 ಬರುತ್ತದೆ. ಅಂದರೆ 5 ಕಿಲೋದಲ್ಲಿ ಕನಿಷ್ಠ 4.65 ಕಿಲೋ ನಿಮ್ಮ ಒಲೆ ಮುಟ್ಟಬೇಕು. ಸುಮಾರು 350 ಗ್ರಾಂ, ಎಂದರೆ ಎರಡು ಲೋಟಕ್ಕಿಂತ ಕಡಿಮೆ ಎಣ್ಣೆ ಕೆಟ್ಟು ಹೋದರೂ ಉಳಿಸಿದ 69 ಅಲ್ಲಿಗೇ ಮುಗಿಯಿತು. ಕೊಳ್ಳುವ ಮೊದಲು ಮನೆಯ ತಿಂಗಳ ಖರ್ಚು ಗೊತ್ತಿರಬೇಕು. ತಿಂಗಳಿಗೆ ಒಂದು ಕಿಲೋ ಬಳಸುವ ಮನೆಗೆ ಈ ಕ್ಯಾನು ಐದು ತಿಂಗಳು ಬರುತ್ತದೆ. ಡಬ್ಬದ ಮೇಲಿನ ಕೊನೆಯ ದಿನಾಂಕ ಮುಚ್ಚಳ ತೆರೆಯದ ಎಣ್ಣೆಗೆ ಹಾಕಿದ್ದು, ತೆರೆದ ಎಣ್ಣೆ ಅದಕ್ಕಿಂತ ಬೇಗ ಕೆಡುತ್ತದೆ.

ಕೆಡಿಸುವುದು ಗಾಳಿ, ಬೆಳಕು, ಬಿಸಿ. ಕ್ಯಾನು ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು, ಹಾಗಾಗಿ ಕೊನೆಯ ಭಾಗವೇ ಮೊದಲು ಕಮಟುತ್ತದೆ. ವಾರಕ್ಕೆ ಬೇಕಾದಷ್ಟನ್ನು ಒಣಗಿದ ಸಣ್ಣ ಬಾಟಲಿಗೆ ಸುರಿದುಕೊಂಡು, ಕ್ಯಾನನ್ನು ಬಿಗಿಯಾಗಿ ಮುಚ್ಚಿ ಒಲೆಯಿಂದ ದೂರ ಕತ್ತಲಲ್ಲಿಡಿ. ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿಯಬೇಡಿ, ಹೊಸದೂ ಬೇಗ ಕೆಡುತ್ತದೆ. ಕಮಟು ವಾಸನೆ ಬಂದರೆ, ನಾಲಗೆಗೆ ಕಹಿ ಹತ್ತಿದರೆ, ಉಳಿತಾಯದ ಆಸೆಗೆ ಅದನ್ನೇ ಬಳಸಬೇಡಿ.

ಎರಡು ಮನೆ ಸೇರಿ ಕೊಳ್ಳುವುದಾದರೆ

ಸಣ್ಣ ಸಂಸಾರಗಳಿಗೆ ಇದು ಒಳ್ಳೆಯ ದಾರಿ. ನಮ್ಮ ಸಂಘದ ಮನೆಗಳಲ್ಲಿ ಹೀಗೆ ಹಂಚಿಕೊಳ್ಳುವುದು ನಡೆದುಬಂದಿದೆ, ಕೇಳಲು ಸಂಕೋಚ ಬೇಡ. ಹಂಚುವಾಗ ಮಾತ್ರ ಲೀಟರ್ ಗೆರೆ ನಂಬಬೇಡಿ. 5 ಕಿಲೋ ಕ್ಯಾನಿನಿಂದ 2.5 ಲೀಟರ್ ಅಳೆದು ಒಬ್ಬರಿಗೆ ಕೊಟ್ಟರೆ ಅವರಿಗೆ ಸಿಗುವುದು ಸುಮಾರು 2.28 ಕಿಲೋ, ಉಳಿದವರ ಪಾಲು 2.72. ಖಾಲಿ ಪಾತ್ರೆಯನ್ನು ಅಡುಗೆ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ, 2.5 ಕಿಲೋ ಆಗುವವರೆಗೆ ಸುರಿಯಿರಿ, ಇಬ್ಬರೂ ತಲಾ 460 ಕೊಡಿ. ತಕ್ಕಡಿ ಅಷ್ಟು ತೂಕ ತಡೆಯದಿದ್ದರೆ ಒಂದೊಂದು ಕಿಲೋ ಮಾಡಿ ತೂಗಿ.